ಮೇಣದ ಮುಖಕ್ಕೆ ನಿಜವಾದ ಚರ್ಮ: ಫ್ರೀಕ್ವೆನ್ಸಿ ಸೆಪರೇಶನ್ ಕೆಲಸ ಮಾಡುವುದು ಹೇಗೆ

ಮದುವೆ ಆಲ್ಬಂ ಕೆಲಸ ಮಾಡುವವರಿಗೆ ಗೊತ್ತು, ಕಣ್ಣು ಮುಚ್ಚಿದ ಫೋಟೋ ಎಂಥ ಸಂಕಟ ಅಂತ. ನನ್ನ ಮುಂದಿದ್ದ ಫೋಟೋ ಅಂಥದ್ದೇ. ಆರತಕ್ಷತೆಯ ವೇದಿಕೆ ಮೇಲೆ ಮದುಮಗಳು, ಪಕ್ಕದಲ್ಲಿ ಅವಳ ಅಜ್ಜಿ. ಇಬ್ಬರೇ ಇರುವ ಫ್ರೇಮ್ ಅದೊಂದೇ. ಫ್ಲ್ಯಾಶ್ ಬಿದ್ದ ಕ್ಷಣದಲ್ಲಿ ಅಜ್ಜಿ ಕಣ್ಣು ಮುಚ್ಚಿಬಿಟ್ಟಿದ್ದಾರೆ. ಮನೆಯವರು, ಅಜ್ಜಿಯೂ ಸೇರಿ, ಕಣ್ಣು ತೆರೆದ ಹಾಗೆ ಮಾಡಿಕೊಡಿ ಅಂದರು.

ಆ ಸಂಜೆಯದ್ದೇ ಇನ್ನೊಂದು ಗುಂಪು ಫೋಟೋದಲ್ಲಿ ಅಜ್ಜಿ ಕಣ್ಣು ಬಿಟ್ಟಿದ್ದರು. ಆದರೆ ಅದರಲ್ಲಿ ಮುಖ ತೀರಾ ಚಿಕ್ಕದು, ಸ್ವಲ್ಪ ಓರೆ ಬೇರೆ. ಆ ಕಣ್ಣನ್ನು ದೊಡ್ಡದು ಮಾಡಿ, ಈ ಮುಖದ ಮೇಲೆ ಒರಟಾಗಿ ಅಂಟಿಸಿ, ಆಮೇಲೆ ಇಡೀ ಮುಖಕ್ಕೆ ಮಾಸ್ಕ್ ಹಾಕಿ, ಚಿತ್ರ ಬರೆಯುವ ಎಐ ಆದ ಸ್ಟೇಬಲ್ ಡಿಫ್ಯೂಶನ್ 1.5 ಮಾಡೆಲ್‌ನಲ್ಲಿ ಇನ್‌ಪೇಂಟ್ ಮಾಡಿದೆ, ಅಂದರೆ ಮಾಸ್ಕ್ ಹಾಕಿದ ಭಾಗವನ್ನು ಯಂತ್ರದಿಂದ ಹೊಸದಾಗಿ ಬರೆಸಿದೆ. ಕಣ್ಣು ಚೆನ್ನಾಗಿ ಕೂತಿತು. ನೋಟ ಅಜ್ಜಿಯದ್ದೇ. ಮೊಮ್ಮಗಳಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಫೋನ್ ಬಂತು: "ಅಣ್ಣಾ, ಕಣ್ಣು ಸರಿಯಾಗಿದೆ. ಆದ್ರೆ ಅಜ್ಜಿ ಮೇಣದ ಗೊಂಬೆ ತರ ಕಾಣ್ತಿದ್ದಾರೆ. ಗದ್ದದ ಹಚ್ಚೆನೂ ಹೋಗಿದೆ."

ಅವಳು ಹೇಳಿದ್ದು ಪೂರ್ತಿ ಸರಿ. ಕುತ್ತಿಗೆಯಲ್ಲಿ ಸುಕ್ಕಿದೆ, ಕೈಯಲ್ಲಿ ನೆರಿಗೆಯಿದೆ, ಮುಖ ಮಾತ್ರ ನುಣ್ಣಗೆ. ಅಲ್ಲಿಂದ ನಿಜವಾದ ಕೆಲಸ ಶುರುವಾಯಿತು.

ಚರ್ಮ ಎಲ್ಲಿ ಕಳೆದುಹೋಗುತ್ತದೆ

ಮೊದಲು ಅಳತೆ ನೋಡೋಣ. ಫೋಟೋ 24 ಮೆಗಾಪಿಕ್ಸೆಲ್, ಅಂದರೆ 6000 ಪಿಕ್ಸೆಲ್ ಅಗಲ. ಇಬ್ಬರೇ ಇರುವುದರಿಂದ ಅಜ್ಜಿಯ ಮುಖ ಕಿವಿಯಿಂದ ಕಿವಿಗೆ ಸುಮಾರು 840 ಪಿಕ್ಸೆಲ್ ಬಂದಿದೆ. ಮುಖದ ಅಗಲ 14 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ, ಚರ್ಮದ 1 ಮಿಲಿಮೀಟರ್ ಫೋಟೋದಲ್ಲಿ 6 ಪಿಕ್ಸೆಲ್. ಅರ್ಧ ಮಿಲಿಮೀಟರಿನ ಒಂದು ರಂಧ್ರ 3 ಪಿಕ್ಸೆಲ್. ಈ ಲೆಕ್ಕ ಮುಂದೆ ಎಲ್ಲ ಕಡೆ ಬೇಕಾಗುತ್ತದೆ.

ಈಗ ಮಾಡೆಲ್ ಕಡೆ ಬನ್ನಿ. ಸ್ಟೇಬಲ್ ಡಿಫ್ಯೂಶನ್ 1.5 ಕಲಿತಿರುವುದು 512×512 ಚಿತ್ರಗಳ ಮೇಲೆ. ಅಜ್ಜಿಯ ಮುಖ, ಸೆರಗು, ಸ್ವಲ್ಪ ಹಿನ್ನೆಲೆ ಸೇರಿ ನಾನು ಕತ್ತರಿಸಿಕೊಂಡ ಚೌಕ 1536 ಪಿಕ್ಸೆಲ್. ಅದು 512ಕ್ಕೆ ಇಳಿದಾಗ ಪ್ರತಿ 3 ಪಿಕ್ಸೆಲ್ ಒಂದಾಯಿತು. ಅರ್ಧ ಮಿಲಿಮೀಟರಿನ ರಂಧ್ರಗಳು ಅಲ್ಲೇ ಬಹುಪಾಲು ಮಾಯ.

ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಮಾಡೆಲ್ ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. 512×512 ಚಿತ್ರವನ್ನು ಮೊದಲು 64×64 ಮನೆಗಳಿಗೆ ಅಡಕ ಮಾಡುತ್ತದೆ. ಅಂದರೆ 8×8 ಪಿಕ್ಸೆಲ್‌ಗೆ ಒಂದು ಮನೆ, ಆ ಒಂದೊಂದು ಮನೆಯಲ್ಲಿ 4 ಸಂಖ್ಯೆಗಳಷ್ಟೇ. ಕೆಲಸವೆಲ್ಲ ಆ ಮನೆಗಳಲ್ಲಿ ನಡೆದು, ಕೊನೆಗೆ ಮತ್ತೆ ಚಿತ್ರವಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಫೋಟೋದ ಅಳತೆಯಲ್ಲಿ ಒಂದು ಮನೆ ಅಂದರೆ 8×3, ಅಂದರೆ 24 ಪಿಕ್ಸೆಲ್. ಚರ್ಮದ ಮೇಲೆ 4 ಮಿಲಿಮೀಟರ್. ಅದಕ್ಕಿಂತ ಸಣ್ಣದು ಏನೇ ಕಂಡರೂ ಬಹುಪಾಲು ಬಿಚ್ಚುವಾಗ ಊಹಿಸಿ ಬರೆದದ್ದು. ಅಜ್ಜಿಯ ಚರ್ಮ ಅಲ್ಲ, ಸುಮ್ನೆ 'ಚರ್ಮದಂಥದ್ದು'.

ಇನ್ನೊಂದು ಕಡೆ, ಕಣ್ಣು ಮುಚ್ಚಿದ ಆ ಮೂಲ ಫೋಟೋ ಕೈಯಲ್ಲೇ ಇದೆ. ಅದರಲ್ಲಿ ಕೆನ್ನೆ, ಹಣೆ, ಮೂಗಿನ ಮೇಲಿನ ಪ್ರತಿ ರಂಧ್ರವೂ ಫೋಕಸ್‌ನಲ್ಲಿದೆ. ಅದೇ ಲೈಟ್, ಅದೇ ಲೆನ್ಸ್, ಅದೇ ಕ್ಷಣ. ಯಂತ್ರದಿಂದ ನಮಗೆ ಬೇಕಾದದ್ದು ಕಣ್ಣು ತೆರೆದಾಗ ಮುಖದ ಉಬ್ಬುತಗ್ಗು, ನೆರಳು, ಬಣ್ಣ ಹೇಗಿರುತ್ತದೆ ಎಂಬುದಷ್ಟೇ. 4 ಮಿಲಿಮೀಟರಿಗಿಂತ ದೊಡ್ಡದು ಯಂತ್ರದ್ದು, ಸಣ್ಣದು ಕ್ಯಾಮೆರಾದ್ದು. ಹೀಗೆ ಗಾತ್ರ ನೋಡಿ ಚಿತ್ರವನ್ನು ಎರಡಾಗಿ ಸೀಳುವುದೇ ಫ್ರೀಕ್ವೆನ್ಸಿ ಸೆಪರೇಶನ್.

ಸೀಳುವುದು, ಮತ್ತೆ ಕೂಡಿಸುವುದು

ಒಳಗಿನ ಲೆಕ್ಕ ಶಾಲೆಯ ಕಳೆಯುವ, ಕೂಡುವ ಲೆಕ್ಕ. ಚಿತ್ರವನ್ನು ಬ್ಲರ್ ಮಾಡಿ. ಉಳಿದ ಮಸುಕು ಚಿತ್ರವೇ 'ಲೋ'. ಅದರಲ್ಲಿ ಬಣ್ಣ, ನೆರಳು, ಆಕಾರ ಇರುತ್ತದೆ. ಮೂಲದಿಂದ ಆ ಮಸುಕನ್ನು ಕಳೆಯಿರಿ. ಉಳಿದದ್ದು 'ಹೈ'. ಅದರಲ್ಲಿ ರಂಧ್ರ, ಸಣ್ಣ ಗೆರೆ, ಕೂದಲು, ಕ್ಯಾಮೆರಾದ ಗ್ರೇನ್ ಇರುತ್ತದೆ. ಎರಡನ್ನೂ ಕೂಡಿಸಿದರೆ ಮೂಲ ಚಿತ್ರ ಹಾಗೇ ವಾಪಸ್.

ನಮ್ಮ ಕೆಲಸಕ್ಕೆ ಎರಡು ಚಿತ್ರಗಳನ್ನೂ ಹೀಗೆ ಸೀಳಬೇಕು. ಒಂದು ಮೂಲ ಫೋಟೋ. ಇನ್ನೊಂದು, ಯಂತ್ರದ ಮುಖವನ್ನು ಅದರ ಜಾಗದಲ್ಲಿ ಕೂರಿಸಿದ ಪೂರ್ತಿ ಫ್ರೇಮ್. ಆಮೇಲೆ ಯಂತ್ರದ ಲೋ ತೆಗೆದುಕೊಂಡು ಅದರ ಮೇಲೆ ಮೂಲದ ಹೈ ಕೂಡಿಸಬೇಕು. ಕಣ್ಣಿನ ಭಾಗದಲ್ಲಿ ಮಾತ್ರ ಮೂಲದ ಹೈ ಬದಲು ಯಂತ್ರದ ಹೈ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಫೋಟೋಶಾಪ್‌ನಲ್ಲಿ ಹೀಗೆ ಮಾಡಬಹುದು. ಫೈಲನ್ನು 16 ಬಿಟ್‌ಗೆ ಬದಲಿಸಿಕೊಳ್ಳಿ. ಮೂಲ ಫೋಟೋದ ಎರಡು ಕಾಪಿ ಮಾಡಿ, ಕೆಳಗಿನದಕ್ಕೆ `Gaussian Blur` ಕೊಡಿ. ಮೇಲಿನ ಕಾಪಿ ಆಯ್ಕೆಯಲ್ಲಿರುವಾಗ `Apply Image` ತೆರೆದು, `Layer` ಜಾಗದಲ್ಲಿ ಆ ಬ್ಲರ್ ಮಾಡಿದ ಲೇಯರ್ ಆರಿಸಿ. `Invert` ಟಿಕ್ ಮಾಡಿ, `Blending: Add`, `Scale: 2`, `Offset: 0` ಇಡಿ. ಲೇಯರ್ ಬೂದಿ ಬಣ್ಣಕ್ಕೆ ತಿರುಗಿ, ಚರ್ಮದ ವಿವರ ಮಾತ್ರ ಉಬ್ಬುಚಿತ್ರದ ಹಾಗೆ ಕಾಣುತ್ತದೆ. ಅದರ ಮೋಡ್ `Linear Light` ಮಾಡಿ. 8 ಬಿಟ್ ಫೈಲ್ ಆದರೆ `Invert` ಬೇಡ. `Blending: Subtract`, `Scale: 2`, `Offset: 128`. `Scale: 2` ವ್ಯತ್ಯಾಸವನ್ನು ಅರ್ಧ ಮಾಡಿ ಇಡುತ್ತದೆ, `Linear Light` ಅದನ್ನು ದುಪ್ಪಟ್ಟು ಮಾಡಿ ಕೂಡಿಸುತ್ತದೆ. 8 ಬಿಟ್‌ನಲ್ಲಿ ಅರ್ಧ ಮಾಡುವಾಗಲೇ ಸ್ವಲ್ಪ ವಿವರ ಉದುರಿಹೋಗುತ್ತದೆ, ಹಾಗಾಗಿ 16 ಬಿಟ್ ಒಳ್ಳೆಯದು.

ಯಂತ್ರದ ಫ್ರೇಮ್‌ಗೂ ಇದನ್ನೇ ಮಾಡಿ. ಕೊನೆಯಲ್ಲಿ ಅಡಿಯಲ್ಲಿ ಯಂತ್ರದ ಲೋ, ಅದರ ಮೇಲೆ ಮೂಲದ ಹೈ, ಅದರ ಮೇಲೆ ಯಂತ್ರದ ಹೈ. ಎರಡು ಹೈ ಲೇಯರ್‌ಗಳಿಗೂ ಒಂದೇ ಮಾಸ್ಕ್, ಒಂದರಲ್ಲಿ ಮಾತ್ರ ತಿರುಗಿಸಿದ್ದು. ಮೂಲದ ಲೋ ಲೇಯರ್ ಈಗ ಬೇಡ, ಮರೆಮಾಡಿ.

ಪೈಥಾನ್ ಬಳಸುವವರಿಗೆ ಇದೇ ಕೆಲಸ ಇಷ್ಟು ಸಾಲುಗಳಲ್ಲಿ ಮುಗಿಯುತ್ತದೆ. `mask.png`ನಲ್ಲಿ ಬಿಳಿ ಇದ್ದಲ್ಲಿ ಮೂಲದ ಚರ್ಮ, ಕಪ್ಪು ಇದ್ದಲ್ಲಿ ಯಂತ್ರದ್ದು:

```python
import cv2, numpy as np

orig = cv2.imread("orig.png").astype(np.float32)
gen  = cv2.imread("gen.png").astype(np.float32)
mask = cv2.imread("mask.png", 0).astype(np.float32)[..., None] / 255

sigma = 5
lo_o = cv2.GaussianBlur(orig, (0, 0), sigma)
lo_g = cv2.GaussianBlur(gen, (0, 0), sigma)
hi = mask * (orig - lo_o) + (1 - mask) * (gen - lo_g)

out = np.clip(np.rint(lo_g + hi), 0, 255).astype(np.uint8)
cv2.imwrite("out.png", out)
```

ರೇಡಿಯಸ್ ಎಷ್ಟು?

ಬ್ಲರ್ ಎಷ್ಟು ಮಸುಕು ಮಾಡಬೇಕು ಅಂತ ಹೇಳುವ ಸಂಖ್ಯೆ ರೇಡಿಯಸ್, ಮೇಲಿನ ಕೋಡಿನಲ್ಲಿ ಅದೇ `sigma`. ಎಲ್ಲರೂ ಎಡವುವುದು ಇಲ್ಲೇ. ವಿಡಿಯೋಗಳಲ್ಲಿ ಒಬ್ಬರು 4 ಅನ್ನುತ್ತಾರೆ, ಒಬ್ಬರು 10 ಅನ್ನುತ್ತಾರೆ. ಆ ಸಂಖ್ಯೆಗೆ ಅದರಷ್ಟಕ್ಕೇ ಅರ್ಥವಿಲ್ಲ. ಮುಖ ಎಷ್ಟು ಪಿಕ್ಸೆಲ್ ಇದೆ, ಯಂತ್ರದ ವಿವರ ಎಲ್ಲಿಗೆ ನಿಂತಿದೆ, ಇವೆರಡನ್ನು ನೋಡಿ ರೇಡಿಯಸ್ ಆರಿಸಬೇಕು.

ಗಾಸಿಯನ್ ಬ್ಲರ್ ಚಾಕುವಿನಿಂದ ಕತ್ತರಿಸಿದ ಹಾಗೆ ಸೀಳುವುದಿಲ್ಲ. ಸಣ್ಣದು ಹೈಗೆ, ದೊಡ್ಡದು ಲೋಗೆ, ನಡುವಿನದು ಎರಡಕ್ಕೂ ಹಂಚಿಹೋಗುತ್ತದೆ. ಸರಿಯಾಗಿ ಅರ್ಧರ್ಧ ಹಂಚಿಹೋಗುವ ಗಾತ್ರ ರೇಡಿಯಸ್‌ನ ಸುಮಾರು 5.3 ಪಟ್ಟು. ಗಾತ್ರ ಅಂದರೆ ಇಲ್ಲಿ ಒಂದು ಕಪ್ಪು ಪಟ್ಟಿ, ಪಕ್ಕದ ಒಂದು ಬಿಳಿ ಪಟ್ಟಿ ಎರಡೂ ಸೇರಿದ ಅಗಲ. ರೇಡಿಯಸ್ 5 ಇಟ್ಟರೆ ಆ ಗಡಿ ಸುಮಾರು 27 ಪಿಕ್ಸೆಲ್. ಯಂತ್ರದ ವಿವರ ನಿಂತದ್ದು 24 ಪಿಕ್ಸೆಲ್ ಆಸುಪಾಸಿನಲ್ಲಿ. ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಕೂಡುತ್ತವೆ. ಅಜ್ಜಿಯ ಮುಖಕ್ಕೆ ನಾನು 5 ಆರಿಸಿದ್ದು ಇದೇ ಕಾರಣಕ್ಕೆ.

ರೇಡಿಯಸ್ 2 ಇಟ್ಟಿದ್ದರೆ? ಗಡಿ 11 ಪಿಕ್ಸೆಲ್‌ಗೆ ಇಳಿಯುತ್ತದೆ. ಮೂಲದಿಂದ ಬರುವುದು ಅದಕ್ಕಿಂತ ಸಣ್ಣ ವಿವರ ಮಾತ್ರ. 11ರಿಂದ 24ರ ನಡುವಿನ ವಿವರ ಮೂಲದಿಂದ ಬರಲಿಲ್ಲ, ಯಂತ್ರದಲ್ಲಿ ಮೊದಲೇ ಇಲ್ಲ. ನಡುವೆ ಒಂದು ಟೊಳ್ಳು ಉಳಿಯುತ್ತದೆ. ನೋಡಲು ಹೇಗಿರುತ್ತದೆ ಅಂದರೆ, ಮೇಣದ ಬೊಂಬೆಗೆ ಸೂಜಿಯಿಂದ ಚುಚ್ಚಿದ ಹಾಗೆ. ರಂಧ್ರ ಇದೆ, ಆದರೆ ಅದರ ಕೆಳಗೆ ಮಾಂಸ ಇಲ್ಲ. ರಂಧ್ರ ಕಂಡಿತಲ್ಲ, ಸಾಕು ಅಂತ ಬಹಳ ಜನ ಇಲ್ಲೇ ನಿಲ್ಲಿಸುತ್ತಾರೆ. ನಿಮ್ಮ ಕೆಲಸದಲ್ಲಿ ಏನೋ ಸರಿಯಿಲ್ಲ, ಆದರೆ ಏನು ಅಂತ ಹೇಳಲಾಗುತ್ತಿಲ್ಲ ಅನ್ನಿಸಿದರೆ ಈ ಟೊಳ್ಳನ್ನೇ ಮೊದಲು ಅನುಮಾನಿಸಿ.

ರೇಡಿಯಸ್ 15 ಇಟ್ಟರೆ ತೊಂದರೆ ತಿರುಗುಮುರುಗು. ಗಡಿ 80 ಪಿಕ್ಸೆಲ್, ಅಂದರೆ 13 ಮಿಲಿಮೀಟರ್. ಈಗ ಮೂಲದ ಹೈ ಒಳಗೆ ಮುಚ್ಚಿದ ರೆಪ್ಪೆಯ ಉಬ್ಬು, ಕೆನ್ನೆಯ ಮಡಿಕೆ, ತುಟಿಯ ಅಂಚು ಎಲ್ಲ ಸೇರಿಕೊಂಡಿವೆ. ಅದನ್ನು ಯಂತ್ರದ ಮುಖದ ಮೇಲೆ ಕೂಡಿಸಿದರೆ ಹಳೆಯ ಭಾವ ಹೊಸ ಭಾವದೊಳಗಿಂದ ಇಣುಕುತ್ತದೆ.

ರಂಧ್ರ, ಸುಕ್ಕು, ಹಚ್ಚೆ ಈ ಮೂರನ್ನು ರೇಡಿಯಸ್ 5ರಲ್ಲಿ ಹತ್ತಿರದಿಂದ ನೋಡಿದರೆ ಈ ಹಂಚಿಕೆ ಇನ್ನೂ ಸ್ಪಷ್ಟವಾಗುತ್ತದೆ. 3 ಪಿಕ್ಸೆಲ್ ಅಗಲದ ದುಂಡು ರಂಧ್ರದ ಸುಮಾರು 96% ಹೈಗೆ ಹೋಗುತ್ತದೆ. ಹಾಗಾಗಿ ರಂಧ್ರಗಳು ಹೆಚ್ಚುಕಮ್ಮಿ ಪೂರ್ತಿ ವಾಪಸ್ ಬಂದವು. ಕಣ್ಣಂಚಿನ 4 ಪಿಕ್ಸೆಲ್ ಅಗಲದ ಸುಕ್ಕು ಗೆರೆಯಲ್ಲಿ ಹೈಗೆ ಹೋಗುವುದು 70% ಮಾತ್ರ. ಗೆರೆ ಉದ್ದವಾಗಿರುವುದರಿಂದ ಬ್ಲರ್ ಅದನ್ನು ಅಷ್ಟು ಸುಲಭವಾಗಿ ಅಳಿಸಲಾರದು, ಲೋದಲ್ಲೂ ಸ್ವಲ್ಪ ಉಳಿಯುತ್ತದೆ. ಅಂದರೆ ಸುಕ್ಕುಗಳು ಬಂದವು, ಆದರೆ ತುಸು ತೆಳುವಾಗಿ. ಅಜ್ಜಿಗೆ ಐದಾರು ವರ್ಷ ಕಮ್ಮಿಯಾದ ಹಾಗೆ.

ಹಚ್ಚೆಯದ್ದೇ ಬೇರೆ ಕಥೆ. ಗದ್ದದ ಮೇಲಿನ ಹಸಿರು ಚುಕ್ಕೆ ಸುಮಾರು 3 ಮಿಲಿಮೀಟರ್, ಅಂದರೆ 18 ಪಿಕ್ಸೆಲ್. ಅದರ ನಡುಭಾಗದ 80% ಗಾಢತೆ ಲೋದಲ್ಲೇ ಉಳಿಯುತ್ತದೆ. ಯಂತ್ರದ ಲೋದಲ್ಲಿ ಹಚ್ಚೆಯೇ ಇಲ್ಲವಲ್ಲ! ಹಾಗಾಗಿ ಕೂಡಿಸಿದಾಗ ಬಂದದ್ದು ಒಂದು ಮಸುಕು ಉಂಗುರ. ನಡುವೆ ಚರ್ಮದ ಬಣ್ಣ, ಅಂಚಿನಲ್ಲಿ ತೆಳು ಹಸಿರು, ಅದರ ಸುತ್ತ ಬೆಳ್ಳನೆಯ ವರ್ತುಲ. ಮಚ್ಚೆ, ಕುಂಕುಮ, ಮೂಗುಬೊಟ್ಟು, ಹಳೆಯ ಗಾಯದ ಕಲೆ ಎಲ್ಲಕ್ಕೂ ಹೀಗೇ ಆಗುತ್ತದೆ. ಫೋಟೋದಲ್ಲಿ ಉಂಗುರ ಕಂಡರೆ, ಗಡಿಯ ಮೇಲೆ ಕೂತ ವಸ್ತು ಅದು ಅಂತ ತಿಳಿಯಿರಿ. ರೇಡಿಯಸ್ ಬದಲಿಸಿ ಇದನ್ನು ಸರಿಮಾಡಲು ಹೋಗಬೇಡಿ. ಆ ಜಾಗದಲ್ಲಿ ಲೋ, ಹೈ ಎರಡನ್ನೂ ಮೂಲದಿಂದಲೇ ತೆಗೆದುಕೊಳ್ಳಿ.

ಯಂತ್ರಕ್ಕೆ ಕಮ್ಮಿ ಜಾಗ ಕೊಡಿ

ಹಚ್ಚೆಯಿಂದ ನನಗೆ ಹೊಳೆದದ್ದು ಇದು. ಗದ್ದವನ್ನು ಯಂತ್ರಕ್ಕೆ ಕೊಟ್ಟದ್ದಾದರೂ ಯಾಕೆ? ಕಣ್ಣು ತೆರೆದರೆ ಗದ್ದ ಬದಲಾಗುವುದಿಲ್ಲ. ಹಣೆಯ ಮೇಲ್ಭಾಗವೂ ಅಷ್ಟೇ. ಬದಲಾಗುವುದು ಹುಬ್ಬು, ರೆಪ್ಪೆ, ಕಣ್ಣಂಚು, ಕೆನ್ನೆಯ ಮೇಲ್ಭಾಗ. ಹಾಗಾಗಿ ಮರೆಮಾಡಿದ್ದ ಮೂಲದ ಲೋವನ್ನು ಅಡಿಯಲ್ಲಿ ಮತ್ತೆ ಕಾಣುವಂತೆ ಇಟ್ಟು, ಯಂತ್ರದ ಲೋಗೇ ಒಂದು ಮಾಸ್ಕ್ ಹಾಕಿ, ಹುಬ್ಬಿನ ಮೇಲಿಂದ ಮೂಗಿನ ನಡುಭಾಗದವರೆಗೆ ಮಾತ್ರ ಬಿಟ್ಟೆ. ಉಳಿದ ಮುಖವೆಲ್ಲ ಮೂಲ ಫೋಟೋ. ಹಚ್ಚೆ, ಮೂಗುಬೊಟ್ಟು, ತುಟಿ ಸುತ್ತಲಿನ ಆಳದ ಸುಕ್ಕು ಎಲ್ಲ ತಾವಾಗಿಯೇ ವಾಪಸ್ ಬಂದವು. ಎಷ್ಟು ಒಳ್ಳೆಯ ಸೆಪರೇಶನ್ ಮಾಡಿದರೂ, ಮುಟ್ಟದೆ ಬಿಟ್ಟ ಚರ್ಮಕ್ಕೆ ಅದು ಸಮನಲ್ಲ.

ಈ ಮಾಸ್ಕಿನ ಅಂಚನ್ನು ಎಷ್ಟು ಮೆತ್ತಗೆ ಮಾಡಬೇಕು ಎಂಬುದಕ್ಕೆ ಹಳೆಯ ಉತ್ತರವೊಂದಿದೆ. ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಏಡಲ್‌ಸನ್ 1983ರಲ್ಲಿ, ಎರಡು ಚಿತ್ರಗಳನ್ನು ಕೂಡಿಸುವಾಗ ದೊಡ್ಡ ವಿವರಗಳನ್ನು ಅಗಲವಾದ ಅಂಚಿನಲ್ಲಿ, ಸಣ್ಣ ವಿವರಗಳನ್ನು ಕಿರಿದಾದ ಅಂಚಿನಲ್ಲಿ ಬೆರೆಸಬೇಕು ಅಂತ ತೋರಿಸಿಕೊಟ್ಟರು. ಅವರು ಚಿತ್ರವನ್ನು ಎರಡಲ್ಲ, ಹಲವು ಪದರಗಳಾಗಿ ಸೀಳಿದ್ದರು. ನಮ್ಮ ಎರಡು ಪದರಗಳಿಗೂ ಆ ಮಾತು ಹೊಂದುತ್ತದೆ.

ಲೋ ಮಾಸ್ಕಿಗೆ ನಾನು 40 ಪಿಕ್ಸೆಲ್ ಫೆದರ್ ಕೊಟ್ಟೆ. ಯಂತ್ರದ ಚರ್ಮದ ಬಣ್ಣ ತುಸು ಗುಲಾಬಿ ಕಡೆ ವಾಲಿತ್ತು. ಅಗಲ ಅಂಚಿನಲ್ಲಿ ಆ ವ್ಯತ್ಯಾಸ ಕರಗಿಹೋಗುತ್ತದೆ. ಉಳಿದದ್ದನ್ನು ಲೋ ಲೇಯರ್ ಮೇಲೆ ಮಾತ್ರ `Curves` ಹಾಕಿ ಸರಿಮಾಡಿದೆ. ಚರ್ಮದ ವಿವರಕ್ಕೆ ಕೈ ತಾಗಿಸದೆ ಬಣ್ಣ ತಿದ್ದಲು ಆಗುವುದು ಸೆಪರೇಶನ್‌ನಿಂದ ಸಿಗುವ ದೊಡ್ಡ ಅನುಕೂಲ.

ಹೈ ಮಾಸ್ಕಿಗೆ ಮಾತ್ರ 4 ಪಿಕ್ಸೆಲ್ ಸಾಕು. ಅಗಲ ಮಾಡಿದರೆ ಏನಾಗುತ್ತದೆ ನೋಡಿ. ಅಂಚಿನ ನಡುವಿನಲ್ಲಿ ಎರಡು ಹೈ ಅರ್ಧರ್ಧ ಬೆರೆಯುತ್ತವೆ. ಯಂತ್ರದ ಹೈ ಹೆಚ್ಚುಕಮ್ಮಿ ಖಾಲಿ ಇದ್ದರೆ ಚರ್ಮದ ವಿವರ ಅರ್ಧಕ್ಕೆ ಇಳಿಯುತ್ತದೆ. ಎರಡರಲ್ಲೂ ಸಮನಾದ, ಆದರೆ ಒಂದಕ್ಕೊಂದು ಸಂಬಂಧವಿಲ್ಲದ ವಿವರ ಇದ್ದರೂ ಸುಮಾರು 70%ಕ್ಕೆ ಇಳಿಯುತ್ತದೆ, ಯಾಕಂದರೆ ಒಂದರ ಕಪ್ಪು ಇನ್ನೊಂದರ ಬಿಳಿಯನ್ನು ತಿಂದುಹಾಕುತ್ತದೆ. ಕಣ್ಣಿನ ಸುತ್ತ ಒಂದು ನುಣುಪು ಬಳೆ ಕಾಣಿಸುತ್ತದೆ. ಕನ್ನಡಕ ತೆಗೆದಾಗ ಉಳಿಯುವ ಗುರುತಿನ ಹಾಗೆ.

ಒಂದು ಸಮಾಧಾನ ಅಂದರೆ, ಕೆನ್ನೆಯ ಕಡೆ ಈ ತಲೆನೋವೇ ಇಲ್ಲ. ಲೋ ಎಲ್ಲಿ ಬದಲಾದರೂ ಅದರ ಮೇಲಿನ ಹೈ ಎರಡೂ ಬದಿಯಲ್ಲಿ ಮೂಲದ್ದೇ. ರಂಧ್ರಗಳ ಸಾಲು ಎಲ್ಲೂ ತುಂಡಾಗದೆ ಹಾದುಹೋಗುತ್ತದೆ. ಅಂಟಿಸಿದ ಮುಖದ ಅಂಚನ್ನು ಕಣ್ಣು ಹಿಡಿಯುವುದು ಬಹಳ ಸಲ ಬಣ್ಣದಿಂದಲ್ಲ, ಗ್ರೇನ್ ಒಮ್ಮೆಲೇ ನಿಲ್ಲುವುದರಿಂದ. ಈ ಫೋಟೋ ಐಎಸ್‌ಒ 1600ರಲ್ಲಿ ತೆಗೆದದ್ದು, ಗ್ರೇನ್ ಚೆನ್ನಾಗಿಯೇ ಇತ್ತು. ಮೂಲದ ಹೈ ಜೊತೆ ಅದೂ ಬಂತು.

ಕಣ್ಣಿನ ಜಾಗದಲ್ಲಿ ಮೂಲದ ಹೈ ಯಾಕೆ ಬೇಡ

ಮೊದಲ ಸಲ ಮಾಸ್ಕ್ ಇಲ್ಲದೆ ಕೂಡಿಸಿ ನೋಡಿದ್ದೆ. ದೂರದಿಂದ ಕಣ್ಣು ತೆರೆದಿತ್ತು. ಝೂಮ್ ಮಾಡಿದರೆ ಕಣ್ಣುಗುಡ್ಡೆಯ ಕೆಳಭಾಗದಲ್ಲಿ ಅಡ್ಡಡ್ಡ ಕಪ್ಪು ಗೆರೆ, ಅದರಿಂದ ಇಳಿಬಿದ್ದ ರೆಪ್ಪೆಗೂದಲು. ಮುಚ್ಚಿದ ಕಣ್ಣು ತೆರೆದ ಕಣ್ಣಿನ ಮೇಲೆ ಭೂತದ ಹಾಗೆ ಕೂತಿತ್ತು.

ಇದು ಅಪರೂಪದ ತಪ್ಪೇನಲ್ಲ. ಇದನ್ನೇ ಬೇಕೆಂದು ಮಾಡಿದ ಹೆಸರುವಾಸಿ ಚಿತ್ರವೊಂದಿದೆ. ಸಂಶೋಧಕಿ ಓಡ್ ಒಲಿವಾ 2007ರಲ್ಲಿ ಮಾಡಿದ ಚಿತ್ರದಲ್ಲಿ ಹತ್ತಿರದಿಂದ ಐನ್‌ಸ್ಟೈನ್ ಕಾಣುತ್ತಾರೆ, ದೂರ ಸರಿದರೆ ಮರ್ಲಿನ್ ಮನ್ರೋ. ಒಬ್ಬರ ಹೈ, ಇನ್ನೊಬ್ಬರ ಲೋ. ನಾವು ಮಾಡುತ್ತಿರುವ ಲೆಕ್ಕವೂ ಅದೇ. ವ್ಯತ್ಯಾಸ ಇಷ್ಟೇ: ನಮ್ಮ ಹೈನಲ್ಲಿ ಮುಖದ ಗೆರೆಗಳು ಇರಬಾರದು, ಚರ್ಮ ಮಾತ್ರ ಇರಬೇಕು. ರೆಪ್ಪೆ, ಹುಬ್ಬು, ತುಟಿಯ ಅಂಚು, ಮೂಗಿನ ಹೊಳ್ಳೆ ಇವೆಲ್ಲ ಚೂಪಾದ ಅಂಚುಗಳು. ಚೂಪಾದ ಅಂಚು ಎಲ್ಲ ಗಾತ್ರಗಳಲ್ಲೂ ಹರಡಿರುತ್ತದೆ, ಯಾವ ರೇಡಿಯಸ್ ಇಟ್ಟರೂ ಹೈಗೆ ಬಂದೇ ಬರುತ್ತದೆ. ಅದನ್ನು ಮಾಸ್ಕ್ ಮಾಡಿಯೇ ತೆಗೆಯಬೇಕು.

ಹಾಗಾದರೆ ಕಣ್ಣಿನ ಹೈ ಎಲ್ಲಿಂದ ತರುವುದು? ಯಂತ್ರದಿಂದಲೇ. ಆದರೆ 3 ಪಟ್ಟು ಹಿಗ್ಗಿಸಿದ ಕಣ್ಣು ಮಸುಕಾಗಿತ್ತು. ಹಾಗಾಗಿ ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ, ಮೂಲದ ಅಳತೆಯಲ್ಲೇ 512×512 ಚೌಕ ಕತ್ತರಿಸಿ, ಕಮ್ಮಿ ಡಿನಾಯ್ಸ್ ಕೊಟ್ಟು, ಅಂದರೆ ಯಂತ್ರ ಹೆಚ್ಚು ಬದಲಿಸದ ಹಾಗೆ ಇಟ್ಟು, ಮತ್ತೊಮ್ಮೆ ಇನ್‌ಪೇಂಟ್ ಮಾಡಿದೆ. ಈ ಸಲ ಅಡಕವಾಗುವ ಮನೆ ಫೋಟೋದಲ್ಲಿ 24 ಪಿಕ್ಸೆಲ್ ಅಲ್ಲ, 8. ರೆಪ್ಪೆಗೂದಲು ಬಿಡಿಬಿಡಿಯಾಗಿ ಬಂದವು. ಗ್ರೇನ್ ಮಾತ್ರ ಇರಲಿಲ್ಲ, ಅದನ್ನು ಕೈಯಾರೆ ಸೇರಿಸಿದೆ.

ಅಂಚುಗಳಲ್ಲಿ ಇನ್ನೊಂದು ತೊಂದರೆ. ಯಂತ್ರ ಮುಖವನ್ನು ಸದ್ದಿಲ್ಲದೆ ಎರಡು ಮೂರು ಪಿಕ್ಸೆಲ್ ಸರಿಸಿರುತ್ತದೆ. ಮೂಗಿನ ಪಕ್ಕದ ಗೆರೆ ಜೋಡಿಯಾಗಿ ಕಂಡರೆ ಅದೇ ಕಾರಣ. ಎರಡು ಲೇಯರ್ ಮಧ್ಯೆ `Difference` ಮೋಡ್ ಇಟ್ಟು ನೋಡಿದರೆ ಸರಿದ ಜಾಗ ಬಿಳಿ ಗೆರೆಯಾಗಿ ಕಾಣುತ್ತದೆ. ಸರಿಪಡಿಸುವಾಗ ಯಾವಾಗಲೂ ಯಂತ್ರದ ಮುಖವನ್ನು `Warp` ಅಥವಾ `Liquify`ಯಿಂದ ಎಳೆದು ಕೂರಿಸಿ. ಮೂಲವನ್ನು ಎಳೆಯಬೇಡಿ. ಎಳೆದಾಗ ಪಿಕ್ಸೆಲ್‌ಗಳನ್ನು ಮತ್ತೆ ಲೆಕ್ಕಹಾಕಿ ಬರೆಯಬೇಕಾಗುತ್ತದೆ, ಆಗ ಸಣ್ಣ ವಿವರ ಮೆತ್ತಗಾಗುತ್ತದೆ. ಯಂತ್ರದ್ದು ಹೇಗೂ ಬ್ಲರ್ ಆಗುವಂಥದ್ದು, ಅದಕ್ಕೆ ನಷ್ಟವಿಲ್ಲ.

ಬೆಳಕು ಬದಲಾದ ಕಡೆಯೂ ಗಮನ ಬೇಕು. ರಂಧ್ರ ಅಂದರೆ ಒಂದು ಪುಟ್ಟ ನೆರಳು. ಬೆಳಕು ಜಾಸ್ತಿ ಇದ್ದಲ್ಲಿ ಅದರ ಕಪ್ಪು ಎದ್ದು ಕಾಣುತ್ತದೆ, ನೆರಳಿನಲ್ಲಿ ಕಮ್ಮಿ. ಯಂತ್ರ ಕೆನ್ನೆಯ ಮೇಲ್ಭಾಗವನ್ನು ತುಂಬಾ ಕಪ್ಪಾಗಿಸಿದ್ದರೆ, ಬೆಳಕಿನಲ್ಲಿ ಹುಟ್ಟಿದ ಹೈ ಅಲ್ಲಿ ಒರಟಾಗಿ ಕಾಣುತ್ತದೆ. ಆಗ ಕಳೆದು ಕೂಡುವ ಬದಲು ಭಾಗಿಸಿ ಗುಣಿಸುವುದು ಉತ್ತಮ: `hi = (orig + 1) / (lo_o + 1)`, ಆಮೇಲೆ `out = (lo_g + 1) * hi - 1`. ನೆರಳಿಗೆ ತಕ್ಕಂತೆ ವಿವರವೂ ತಗ್ಗುತ್ತದೆ. ಬೆಳಕಿನ ದಿಕ್ಕೇ ಬೇರೆಯಾಗಿದ್ದರೆ ಇದೂ ಉಪಯೋಗಕ್ಕೆ ಬಾರದು. ಎಡದಿಂದ ಬೆಳಕು ಬಿದ್ದ ರಂಧ್ರದ ನೆರಳು ಒಂದು ಬದಿಗೆ, ಬಲದಿಂದ ಬಿದ್ದರೆ ಇನ್ನೊಂದು ಬದಿಗೆ. ಬೇರೊಂದು ಫೋಟೋದ ಚರ್ಮ ತಂದು ಹಾಕಿದಾಗ ಏನೋ ಕೊರೆಯುವುದು ಇದಕ್ಕೇ.

ಸರಿಯಾಯಿತೇ ಅಂತ ನೋಡುವುದು

ಕಣ್ಣಳತೆಗೆ ಜೊತೆಯಾಗಿ ನಾನು ಒಂದು ಸಂಖ್ಯೆ ನೋಡುತ್ತೇನೆ. ಅಂತಿಮ ಚಿತ್ರವನ್ನು ಮತ್ತೆ ರೇಡಿಯಸ್ 5ರಲ್ಲಿ ಸೀಳಿ, ಕೆನ್ನೆಯ 60×60 ಪಿಕ್ಸೆಲ್ ಚೌಕದಲ್ಲಿ ಹೈ ಎಷ್ಟು ಏರುಪೇರಾಗುತ್ತದೆ ಅಂತ `.std()` ಹಾಕಿ ಅಳೆಯುವುದು. ಮೂಲ ಫೋಟೋದ ಕೆನ್ನೆ 5ರ ಆಸುಪಾಸು ಇತ್ತು. ಮೊದಲು ಕಳಿಸಿದ ಮೇಣದ ಮುಖ 2 ಕೂಡ ದಾಟಿರಲಿಲ್ಲ. ಕೂಡಿಸಿದ ಮೇಲೆ ಮತ್ತೆ 5ಕ್ಕೆ ಬಂತು. ಕೆನ್ನೆ, ಹಣೆ, ಕುತ್ತಿಗೆ ಮೂರು ಕಡೆ ಅಳೆದು ಮೂಲದ ಸಂಖ್ಯೆಗಳ ಜೊತೆ ಇಟ್ಟು ನೋಡಿದರೆ ಎಲ್ಲಿ ಚರ್ಮ ಸತ್ತಿದೆ ಗೊತ್ತಾಗುತ್ತದೆ. ಆದರೆ ಈ ಸಂಖ್ಯೆ ಗ್ರೇನನ್ನೂ ಚರ್ಮವನ್ನೂ ಬೇರೆ ಮಾಡದು. ಸುಮ್ನೆ ನಾಯ್ಸ್ ಸುರಿದರೂ 5 ಬರುತ್ತದೆ. ಅದಕ್ಕೇ ಹೈ ಲೇಯರ್ ಒಂದನ್ನೇ ಬೂದಿ ಹಿನ್ನೆಲೆಯಲ್ಲಿ ಇಟ್ಟು 200%ಕ್ಕೆ ಹಿಗ್ಗಿಸಿ ನೋಡಬೇಕು. ಕೆನ್ನೆಯಲ್ಲಿ ರಂಧ್ರಗಳು ಒಂದು ದಿಕ್ಕಿಗೆ ಸಾಲಾಗಿ ಹರಿದಿರುತ್ತವೆ. ನಾಯ್ಸ್‌ಗೆ ದಿಕ್ಕಿಲ್ಲ.

ಇಷ್ಟೆಲ್ಲ ಎಲ್ಲ ಫೋಟೋಗೂ ಬೇಕಾಗಿಲ್ಲ. ಹದಿನೈದು ಜನರ ಗುಂಪು ಫೋಟೋದಲ್ಲಿ ಮುಖ 250 ಪಿಕ್ಸೆಲ್ ಇದ್ದರೆ 1 ಮಿಲಿಮೀಟರಿಗೆ 2 ಪಿಕ್ಸೆಲ್ ಕೂಡ ಸಿಗುವುದಿಲ್ಲ, ರಂಧ್ರ ಕಾಣುವುದೇ ಇಲ್ಲ. ಅಲ್ಲಿ ಗ್ರೇನ್ ಹೊಂದಿಸಿದರೆ ಸಾಕು. ವಾಟ್ಸಾಪ್‌ನಲ್ಲಿ ಬಂದ ಫೋಟೋ ಆದರೆ ಇನ್ನೊಂದು ಎಚ್ಚರ: ಜೆಪೆಗ್ ಒತ್ತಿದಾಗ ಮೂಡುವ 8×8 ಚೌಕಗಳೂ ಹೈನಲ್ಲೇ ಇರುತ್ತವೆ. ಚರ್ಮದ ಹೆಸರಿನಲ್ಲಿ ಆ ಚೌಕಗಳನ್ನು ತಂದು ಕೂಡಿಸಿದಂತಾಗುತ್ತದೆ. ಕ್ಯಾಮೆರಾದಿಂದ ಬಂದ ರಾ ಫೈಲ್ ಕೇಳಿ ಪಡೆಯಿರಿ.

ನಿಜವಾದ ಚರ್ಮ, ನಿಜವಾದ ಗ್ರೇನ್ ಇರುವ ಇಂಥ ಚಿತ್ರವನ್ನು ನೋಡಿದವರು ಪೂರ್ತಿ ನಿಜ ಅಂತಲೇ ನಂಬುತ್ತಾರೆ. ಅದಕ್ಕೆ ಮುಖ ಯಾರದ್ದೋ ಅವರ ಒಪ್ಪಿಗೆ ಇಲ್ಲದೆ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಕಣ್ಣು ಮುಚ್ಚಿದ ಮೂಲ ಫೈಲನ್ನೂ ಮನೆಯವರಿಗೆ ಜೊತೆಯಲ್ಲೇ ಕೊಟ್ಟೆ, ತಿದ್ದಿದ್ದು ಯಾವುದು ಅಂತ ಫೈಲ್ ಹೆಸರಿನಲ್ಲೇ ಬರೆದು.

ಕೊನೆಗೂ ಒಂದು ಜಾಗ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅದು ಮೇಲಿನ ರೆಪ್ಪೆ. ಕಣ್ಣು ತೆರೆದಾಗ ರೆಪ್ಪೆಯ ಚರ್ಮ ಮಡಚಿಕೊಂಡು ಮೇಲೆ ಹೋಗುತ್ತದೆ. ಮೂಲದಲ್ಲಿ ಅದು ಚಾಚಿಕೊಂಡಿತ್ತು. ಅಂದರೆ ಆ ಮಡಿಕೆಯ ವಿವರ ನನ್ನ ಬಳಿ ಯಾವ ಫೈಲಿನಲ್ಲೂ ಇಲ್ಲ. ಹುಬ್ಬಿನ ಕೆಳಗಿನ ಚರ್ಮದ ಹೈಯಿಂದ 40 ಪಿಕ್ಸೆಲ್ ತುಣುಕನ್ನು ಕ್ಲೋನ್ ಮಾಡಿ ಅಲ್ಲಿ ಹರಡಿದೆ. ಆಲ್ಬಂನ ಪುಟದಲ್ಲಿ ಅಜ್ಜಿಯ ಮುಖ ಎರಡೂವರೆ ಇಂಚು ಅಗಲ ಬಂದಿದೆ, ಆ ಗಾತ್ರದಲ್ಲಿ ಯಾರಿಗೂ ಕಾಣುವುದಿಲ್ಲ. 200% ಝೂಮ್‌ನಲ್ಲಿ ಎಡಗಣ್ಣಿನ ಮೇಲೆ ಒಂದೇ ರಂಧ್ರದ ಸಾಲು ಎರಡು ಸಲ ಬಂದಿರುವುದು ನನಗೆ ಈಗಲೂ ಕಾಣುತ್ತದೆ.